ಕೆಂಪು ಪೆನ್ನಿನ "ಯಾರು?"

ಹಾಸ್ಟೆಲ್ ಬಗ್ಗೆ ಬರೀರಿ, ಕ್ಯಾಂಟೀನ್ ಬಗ್ಗೆ ಬರೀರಿ, ಏನಾದ್ರೂ ಪರವಾಗಿಲ್ಲ ಅಂತ ಸಂಪಾದಕರು ಹೇಳಿದ್ದರು. ನನಗೆ ನೆನಪಾಗಿದ್ದು ಒಂದು ಹಾಳೆ. ಬಿ.ಎ. ಎರಡನೇ ವರ್ಷದಲ್ಲಿ ಇತಿಹಾಸದ ಮೇಡಂ ತಿದ್ದಿ ಕೊಟ್ಟ ಹಾಳೆ ಅದು. ನಾನು ಬರೆದದ್ದು ಅರವತ್ತು ಪದವೂ ಇರಲಿಲ್ಲ, ಅದರಲ್ಲಿ ಐದು ಕಡೆ ಕೆಂಪು ಪೆನ್ನಿನಲ್ಲಿ ಒಂದೇ ಪ್ರಶ್ನೆ: "ಯಾರು?"

ಶುರುವಾಗಿದ್ದು ಒಂದು ಫೋಟೋದಿಂದ. ಮೇಡಂ ಒಂದು ದಿನ ದೊಡ್ಡ ಕಲ್ಲಿನ ಕಟ್ಟಡದ ಚಿತ್ರ ತಂದು ಬೋರ್ಡಿಗೆ ಅಂಟಿಸಿದರು. ಮೇಲೆ ಗುಮ್ಮಟ, ಗುಮ್ಮಟದ ಮೇಲೆ ಶಿಖರ, ನೋಡೋಕೆ ಯುರೋಪಿನ ಯಾವುದೋ ಪಾರ್ಲಿಮೆಂಟ್ ಥರ. ಅದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿದ್ದ ಜಪಾನಿ ಗವರ್ನರ್ ಜನರಲ್ ಕಚೇರಿ. ಜಪಾನ್ 1910ರಲ್ಲಿ ಕೊರಿಯಾವನ್ನು ನುಂಗಿಕೊಂಡಿತು, 1916ರಲ್ಲಿ ಈ ಕಟ್ಟಡದ ಕೆಲಸ ಶುರು ಮಾಡಿತು, 1926ರಲ್ಲಿ ಮುಗಿಸಿತು. ಕಟ್ಟಿದ್ದು ಎಲ್ಲಿ ಅಂದರೆ, ಕೊರಿಯಾದ ಅರಸರ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಅಂಗಳದಲ್ಲಿ, ಸಿಂಹಾಸನದ ಮಂಟಪದ ಎದುರಿಗೇ. ಅದಕ್ಕೆ ಜಾಗ ಮಾಡಲು ಅರಮನೆಯ ಎಷ್ಟೋ ಕಟ್ಟಡ ಕೆಡವಿದರು. ಗ್ವಾಂಗ್‌ಹ್ವಾಮುನ್ ಅನ್ನೋ ಹೆಬ್ಬಾಗಿಲನ್ನು ಕಿತ್ತು ಅರಮನೆಯ ಪೂರ್ವದ ಕಡೆ ಇಟ್ಟರು. ಅಲ್ಲಿಂದ ಮುಂದೆ ಊರಿನ ದೊಡ್ಡ ಬೀದಿಯಲ್ಲಿ ನಿಂತು ನೋಡಿದವರಿಗೆ ಅರಮನೆ ಕಾಣಿಸುತ್ತಿರಲಿಲ್ಲ, ಕಚೇರಿ ಕಾಣಿಸುತ್ತಿತ್ತು.

"ಒಡೀಬೇಕಾ, ಬೇಡ್ವಾ?" ಅಂತ ಮೇಡಂ ಕೇಳಿದರು. ಇಡೀ ಕ್ಲಾಸು ಕೈ ಎತ್ತಿತು. ಒಡೀಬೇಕು ಮೇಡಂ, ಇದರಲ್ಲಿ ಯೋಚನೆ ಮಾಡೋದೇನಿದೆ. ಒಬ್ಬಳು ಎದ್ದು ನಿಂತು, ಮೇಲಿನಿಂದ ನೋಡಿದರೆ ಈ ಕಟ್ಟಡ ಜಪಾನಿನ ಹೆಸರಿನ ಮೊದಲ ಅಕ್ಷರದ ಥರ ಇದೆಯಂತೆ, ಬೇಕಂತಲೇ ಹಾಗೆ ಕಟ್ಟಿದ್ದಂತೆ ಅಂದಳು. ಅದೊಂದು ನಿಜವಾಗಿಯೂ ಚಾಲ್ತಿಯಲ್ಲಿರುವ ಕಥೆ. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ನಡುವೆ ಎರಡು ತೆರೆದ ಅಂಗಳ ಇಟ್ಟು ಸುತ್ತ ಕೋಣೆ ಕಟ್ಟಿದರೆ ಯಾವ ಕಚೇರಿಯೂ ಮೇಲಿನಿಂದ ಆ ಅಕ್ಷರದ ಥರವೇ ಕಾಣುತ್ತೆ, ಗಾಳಿ ಬೆಳಕಿಗಾಗಿ ಆಗ ಹಾಗೇ ಕಟ್ಟುತ್ತಿದ್ದರು ಅಂದರು. "ಬೇಕಂತಲೇ ಅನ್ನೋದಕ್ಕೆ ಕಾಗದ ಪತ್ರ ಬೇಕಲ್ವಾ? ಇಲ್ಲಾಂದ್ರೆ 'ಜನ ಹೀಗನ್ನುತ್ತಾರೆ' ಅಂತ ಬರಿ. ಸಿಂಹಾಸನದ ಮುಂದೆ ತಂದು ನಿಲ್ಲಿಸಿದ್ದಾರೆ, ಅದು ಸಾಲದಾ ನಿಂಗೆ?"

ಆಮೇಲೆ ಮಿಕ್ಕ ಅರ್ಧ ಕಥೆ ಹೇಳಿದರು. ನಾವು 1945ಕ್ಕೇ ಕಥೆ ಮುಗೀತು ಅಂದುಕೊಂಡಿದ್ದೆವು. ಕಟ್ಟಡಕ್ಕೆ ಅದು ನಡುಗಾಲ. ಜಪಾನ್ ಸೋತ ಮೇಲೆ ಅಮೆರಿಕದ ಸೇನಾಡಳಿತ ಅದೇ ಕಟ್ಟಡದಲ್ಲಿ ಕೂತಿತು. 1948ರ ಆಗಸ್ಟ್ 15ರಂದು ಕೊರಿಯಾ ಗಣರಾಜ್ಯದ ಘೋಷಣೆ ಆಗಿದ್ದು ಅದರ ಮೆಟ್ಟಿಲ ಮುಂದೆ. ಆಮೇಲೆ ಕೊರಿಯಾ ಯುದ್ಧದಲ್ಲಿ ಒಳಗೆಲ್ಲ ಹಾಳಾಯಿತು, ರಿಪೇರಿ ಆಗಿ 1962ರಿಂದ ಸರ್ಕಾರಿ ಕಚೇರಿ ಆಯಿತು. 1986ರಲ್ಲಿ ಅಲ್ಲಿಗೆ ಬಂದಿದ್ದು ಏನು ಗೊತ್ತಾ? ದೇಶದ ರಾಷ್ಟ್ರೀಯ ಮ್ಯೂಸಿಯಂ. ಅಂದರೆ ಕೊರಿಯಾದವರ ಸಾವಿರಾರು ವರ್ಷದ ಬುದ್ಧನ ಮೂರ್ತಿ, ಪಿಂಗಾಣಿ, ಕಿರೀಟ ಎಲ್ಲ ಆ ಗುಮ್ಮಟದ ಕೆಳಗೇ ಇದ್ದವು.

ಈಗ ಒಡೀರಿ ಅಂದರು ಮೇಡಂ. ಕ್ಲಾಸು ಸುಮ್ಮನಾಯಿತು. ನಮ್ಮಲ್ಲಿ ಯಾರಿಗೂ ಹೊಳೆಯದ ಒಂದು ಸಣ್ಣ ವಿಷಯ, ಒಡೆಯಬೇಕಾದರೆ ಮೊದಲು ಮ್ಯೂಸಿಯಂ ಖಾಲಿ ಮಾಡಬೇಕು, ಆ ವಸ್ತುಗಳಿಗೆ ಇನ್ನೊಂದು ಮನೆ ಬೇಕು. ಅಲ್ಲೂ ಜಗಳ ಆಗಿತ್ತು. ಉಳಿಸಿ ಅಂದವರಿದ್ದರು, ಬಿಚ್ಚಿ ಬೇರೆ ಕಡೆ ಕಟ್ಟಿ ಅಂದವರಿದ್ದರು. ಅಧ್ಯಕ್ಷ ಕಿಮ್ ಯಂಗ್ ಸ್ಯಾಮ್ ಅವರ ಸರ್ಕಾರ 1993ರಲ್ಲಿ ಒಡೆಯುವ ನಿರ್ಧಾರ ಮಾಡಿತು. 1995ರ ಆಗಸ್ಟ್ 15, ಬಿಡುಗಡೆಯಾಗಿ ಐವತ್ತು ವರ್ಷ, ಅವತ್ತು ಜನರ ಎದುರಿಗೆ ಕ್ರೇನ್ ಹಚ್ಚಿ ಶಿಖರ ಇಳಿಸಿದರು. 1996ರ ಕೊನೆಗೆ ಕಟ್ಟಡ ಪೂರ್ತಿ ಹೋಗಿತ್ತು. ಮ್ಯೂಸಿಯಂ ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ ತಾತ್ಕಾಲಿಕವಾಗಿ ನಡೆದು, ಸ್ವಂತ ಹೊಸ ಮನೆ ಸೇರಿದ್ದು 2005ರಲ್ಲಿ.

ಸರಿ, ಹಾಳೆಯ ವಿಷಯಕ್ಕೆ ಬರ್ತೀನಿ. ಆ ಕಟ್ಟಡದ ಒಂದು ಚೂರು ಮ್ಯೂಸಿಯಮ್ಮಿನಲ್ಲಿದೆ ಅಂದುಕೊಳ್ಳಿ, ಪಕ್ಕದಲ್ಲಿ ಹಾಕುವ ಫಲಕ ಬರೆಯಿರಿ, ಅರವತ್ತು ಪದ ಮೀರಬಾರದು, ಮೀರಿದ ಪ್ರತಿ ಪದಕ್ಕೆ ಒಂದು ಮಾರ್ಕು ಕಟ್ ಅಂತ ಮೇಡಂ ಮನೆಗೆಲಸ ಕೊಟ್ಟರು. ಸುಮ್ನೆ ಹೆದರಿಸೋಕಲ್ಲ. ನಿಂತು ಓದುವವರು ಜಾಸ್ತಿ ಓದಲ್ಲ, ಅದಕ್ಕೇ ಫಲಕ ಚಿಕ್ಕದಿರುತ್ತೆ, ಚಿಕ್ಕದಾಗಿದ್ದಕ್ಕೇ ಯಾವುದನ್ನು ಬಿಟ್ಟಿರಿ ಅನ್ನೋದು ದೊಡ್ಡದಾಗುತ್ತೆ. ನಾನು ಬಹಳ ಗಂಭೀರವಾಗಿ ಬರೆದೆ. 'ಕೊರಿಯಾವನ್ನು ವಶಪಡಿಸಿಕೊಳ್ಳಲಾಯಿತು. ಅರಮನೆಯ ಕಟ್ಟಡಗಳನ್ನು ಕೆಡವಲಾಯಿತು. ಹೆಬ್ಬಾಗಿಲನ್ನು ಸ್ಥಳಾಂತರಿಸಲಾಯಿತು. 1926ರಲ್ಲಿ ಕಟ್ಟಡವನ್ನು ಪೂರ್ಣಗೊಳಿಸಲಾಯಿತು. 1995ರಲ್ಲಿ ತೆರವುಗೊಳಿಸಲಾಯಿತು.' ಪಠ್ಯಪುಸ್ತಕದ ಕನ್ನಡ, ನನಗೇ ಹೆಮ್ಮೆ. ಐದು ವಾಕ್ಯಕ್ಕೂ ಕೆಂಪು ಗೆರೆ ಬಿತ್ತು.

"ನಿನ್ನ ಫಲಕದಲ್ಲಿ ಮನುಷ್ಯರೇ ಇಲ್ವಲ್ಲಪ್ಪಾ" ಅಂದರು ಮೇಡಂ. "ಎಲ್ಲ ತಾನಾಗೇ ಆಗಿಬಿಟ್ಟಿದೆ. ಮಳೆ ಬಂದ ಹಾಗೆ." ನಮ್ಮ ಭಾಷೆಯ ಈ 'ಲಾಯಿತು' ಇದೆಯಲ್ಲ, ಮಾಡಿದವರನ್ನು ಬಚ್ಚಿಡೋಕೆ ಇದಕ್ಕಿಂತ ಒಳ್ಳೆ ಮೂಲೆ ಇಲ್ಲ ಅಂತ ಅವರ ವಾದ. ತಮಾಷೆ ಏನಂದರೆ ನಾನು ಬಚ್ಚಿಟ್ಟಿದ್ದು ಜಪಾನಿನ ಆಡಳಿತವನ್ನು ಮಾತ್ರ ಅಲ್ಲ. ಒಡೆಯಲು ಹೇಳಿದ್ದು ಯಾರು ಅನ್ನೋದೂ ಮಾಯ. ನಡುವಿನ ಐವತ್ತು ವರ್ಷವಂತೂ ಪೂರ್ತಿ ಮಾಯ.

ಆ ಐವತ್ತು ವರ್ಷ ಬಿಟ್ಟರೆ ಏನು ಕೈ ತಪ್ಪುತ್ತೆ ಅನ್ನೋದಕ್ಕೆ ಆ ಹೆಬ್ಬಾಗಿಲೇ ಸಾಕ್ಷಿ. ಪೂರ್ವಕ್ಕೆ ಹೋಗಿದ್ದ ಬಾಗಿಲಿನ ಮರದ ಭಾಗ ಯುದ್ಧದಲ್ಲಿ ಸುಟ್ಟಿತು. 1968ರಲ್ಲಿ ಕೊರಿಯಾದ ಸರ್ಕಾರವೇ ಅದನ್ನು ಮತ್ತೆ ಮುಂದಕ್ಕೆ ತಂದು ಕಾಂಕ್ರೀಟಿನಲ್ಲಿ ಕಟ್ಟಿತು. ಆದರೆ ಅದನ್ನು ನೇರ ಮಾಡಿದ್ದು ಅರಮನೆಗಲ್ಲ, ಹಿಂದೆ ನಿಂತಿದ್ದ ಜಪಾನಿ ಕಟ್ಟಡಕ್ಕೆ. ಹಾಗಾಗಿ ಬಾಗಿಲು ಅರಮನೆಯ ಗೆರೆಗಿಂತ ನಾಲ್ಕು ಡಿಗ್ರಿಗೆ ಸ್ವಲ್ಪ ಕಮ್ಮಿ ಓರೆಯಾಗಿ ನಿಂತಿತು. ಕಟ್ಟಡ ಹೋದ ಮೇಲೂ ಆ ಓರೆ ಉಳಿದಿತ್ತು. ಅದನ್ನು ಬಿಚ್ಚಿ, ಮರದಲ್ಲಿ, ಹಳೆಯ ಜಾಗದಲ್ಲಿ, ಹಳೆಯ ದಿಕ್ಕಿಗೆ ಕಟ್ಟಿ ಮುಗಿಸಿದ್ದು 2010ರಲ್ಲಿ. ಆಳಿದವರು ಹೋದ ಮೇಲೂ ಅವರ ಗೆರೆಗೆ ನಮ್ಮ ಬಾಗಿಲು ಕೂರಿಸ್ತೀವಿ, ಗೊತ್ತೂ ಆಗಲ್ಲ. ನಾನು ಪಾಠ ಮಾಡೋ ಹಾಗಿದ್ದರೆ ಮಕ್ಕಳಿಗೆ ಮೊದಲು ಕೋನಮಾಪಕ ಕೊಟ್ಟು ಹಳೆ ನಕ್ಷೆಯ ಮೇಲೆ ಆ ಓರೆ ಅಳೆಸುತ್ತೇನೆ.

ಕೆಲವು ವರ್ಷದ ಹಿಂದೆ ಕೆಲಸದ ಮೇಲೆ ದಕ್ಷಿಣ ಕೊರಿಯಾಕ್ಕೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ಚೊನಾನ್ ಅನ್ನೋ ಊರಿಗೆ ಹೋದೆ. ಅಲ್ಲಿನ ಸ್ವಾತಂತ್ರ್ಯ ಸ್ಮಾರಕದ ಆವರಣದಲ್ಲಿ ಒಡೆದ ಕಟ್ಟಡದ ಚೂರುಗಳಿವೆ, 1998ರಿಂದ. ಶಿಖರವನ್ನು ಪೀಠದ ಮೇಲೆ ಇಟ್ಟಿಲ್ಲ. ನೆಲಕ್ಕಿಂತ 5 ಮೀಟರ್ ಕೆಳಗಿನ ಗುಂಡಿಯಲ್ಲಿ ಇಟ್ಟಿದ್ದಾರೆ, ಸೂರ್ಯ ಮುಳುಗುವ ಪಶ್ಚಿಮದ ಕಡೆ. ಒಂದು ಕಾಲಕ್ಕೆ ಊರೆಲ್ಲ ತಲೆ ಎತ್ತಿ ನೋಡುತ್ತಿದ್ದ ತುದಿ, ಈಗ ನಾವು ತಲೆ ತಗ್ಗಿಸಿ ನೋಡಬೇಕು. ಸುತ್ತ ಕಂಬದ ಕಲ್ಲುಗಳು, ಗಾಜಿನ ಪೆಟ್ಟಿಗೆ ಇಲ್ಲ, ಮುದ್ದು ಇಲ್ಲ. ನಿಜ ಹೇಳಬೇಕಂದ್ರೆ ನನಗೆ ಬಹಳ ಹಿಡಿಸಿತು. ಅರ್ಧ ಗಂಟೆ ಕೂತ ಮೇಲೆ ಮಾತ್ರ ಒಂದು ಅನುಮಾನ ಬಂತು. ಗುಂಡಿ ಎಷ್ಟು ಜೋರಾಗಿ 'ಇದು ಅವರದು, ಮುಗೀತು' ಅನ್ನುತ್ತೆ ಅಂದರೆ, ಇದೇ ಶಿಖರದ ಕೆಳಗೆ ಸ್ವಂತ ಗಣರಾಜ್ಯ ಹುಟ್ಟಿದ ಸಂಗತಿಗೆ ಅಲ್ಲಿ ಜಾಗ ಸಿಗೋದು ಕಷ್ಟ.

ಮಾರನೇ ದಿನ ಸೋಲ್ ನಗರದ ಸೊದೇಮುನ್ ಜೈಲು. ಜಪಾನಿನ ಹಿಡಿತ ಬಿಗಿಯಾಗುತ್ತಿದ್ದ 1908ರಲ್ಲಿ ಶುರುವಾದದ್ದು, 1998ರಲ್ಲಿ ಮ್ಯೂಸಿಯಂ ಆಯಿತು. ಶುರುವಿನಲ್ಲಿ ಅಲ್ಲಿ ಚಿತ್ರಹಿಂಸೆಯ ಗೊಂಬೆಗಳು, ಟೇಪಿನಿಂದ ಬರುವ ಕಿರುಚಾಟ ಎಲ್ಲ ಜೋರಾಗಿತ್ತು, ಅದಕ್ಕೆ ಟೀಕೆಯೂ ಬಂತು. ಗೊಂಬೆ ನೋಡಿದ ಮಗು ಹೆದರುತ್ತೆ, ಹೆದರಿದ ಮಗುವಿಗೆ ಒಂದು ಹೆಸರೂ ನೆನಪಿರಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಕೋಣೆ. ಗೋಡೆಯಿಂದ ಗೋಡೆಗೆ ಕೈದಿಗಳ ಕಾರ್ಡು, ಸುಮಾರು 5000, ಪ್ರತಿಯೊಂದರಲ್ಲೂ ಒಂದು ಮುಖ. ಅಲ್ಲಿ ಶಬ್ದ ಬೇಕಾಗಿಲ್ಲ. ಆದರೆ ಒಂದು ಎಚ್ಚರ. ಆ ಫೋಟೋ ತೆಗೆದಿದ್ದು ಪೊಲೀಸರು, 'ಅಪರಾಧ' ಅನ್ನೋ ಖಾನೆ ತುಂಬಿದ್ದೂ ಅವರೇ. ಅದನ್ನು ಹಾಗೇ ನೇತುಹಾಕಿದರೆ ಇವತ್ತೂ ಅವರ ಮಾತೇ ಗೋಡೆ ಮೇಲೆ. ಪಕ್ಕದಲ್ಲಿ ಇದನ್ನು ಬರೆದವರು ಯಾರು ಅಂತ ಹೇಳಲೇಬೇಕು.

ಲೆಕ್ಕ ಹಾಕಿ ನೋಡಿ. ಆ ಜೈಲು ಮುಚ್ಚಿದ್ದು 1987ರಲ್ಲಿ. ಅಂದರೆ 1945ಕ್ಕೆ ಮುಂಚೆ 37 ವರ್ಷ, ಆಮೇಲೆ 42 ವರ್ಷ. 1975ರ ಏಪ್ರಿಲ್ 9ರಂದು ಎಂಟು ಜನರನ್ನು ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರ ಸರ್ಕಾರ ಅಲ್ಲೇ ಗಲ್ಲಿಗೇರಿಸಿತು, ಸುಪ್ರೀಂ ಕೋರ್ಟಿನ ತೀರ್ಪು ಬಂದು ಒಂದು ದಿನವೂ ಆಗಿರಲಿಲ್ಲ. 2007ರಲ್ಲಿ ಕೋರ್ಟು ಮತ್ತೆ ವಿಚಾರಣೆ ನಡೆಸಿ ಅವರು ನಿರ್ದೋಷಿಗಳು ಅಂತ ಹೇಳಿತು. ಆ ಮ್ಯೂಸಿಯಂ ತುಂಬಾ ವರ್ಷ ಮೊದಲಿನ 37ರ ಕಥೆಯನ್ನೇ ದೊಡ್ಡದಾಗಿ ಹೇಳಿತು, ಎರಡನೆಯದಕ್ಕೆ ಜಾಗ ಸಿಕ್ಕಿದ್ದು ನಿಧಾನವಾಗಿ. ಹೊರಗಿನವರ ಹೆಸರು ಬರೆಯೋದು ಸುಲಭ. ಮೇಡಂ ಕೆಂಪು ಪೆನ್ನು ಇಂಥ ಕಡೆಯೇ ಬೇಕಾಗೋದು.

ವಾಪಸ್ ಬರುವಾಗ ವಿಮಾನದಲ್ಲಿ ಕೂತು ಮನೆಗೆಲಸವನ್ನು ಮತ್ತೆ ಮಾಡಿದೆ. ಚೊನಾನ್‌ನ ಆ ಗುಂಡಿಯ ಅಂಚಿಗೆ ಹಾಕಲು, ಅಲ್ಲಿಯವರ ಬಾಯಲ್ಲೇ:

"ಜಪಾನ್ ಸರ್ಕಾರ 1910ರಲ್ಲಿ ಕೊರಿಯಾವನ್ನು ವಶಪಡಿಸಿಕೊಂಡಿತು. ಅದರ ಆಡಳಿತ ಅರಮನೆಯ ಅಂಗಳ ಖಾಲಿ ಮಾಡಿಸಿ, 1926ರಲ್ಲಿ ಸಿಂಹಾಸನದ ಮಂಟಪಕ್ಕೆ ಅಡ್ಡವಾಗಿ ಈ ಕಚೇರಿ ಮುಗಿಸಿತು. 1945ರ ನಂತರ ಅಮೆರಿಕದ ಸೇನೆ ಇಲ್ಲಿ ಕೂತು ಆಳಿತು. 1948ರಲ್ಲಿ ದಕ್ಷಿಣ ಕೊರಿಯಾ ತನ್ನ ಗಣರಾಜ್ಯವನ್ನು ಇದರ ಮುಂದೆಯೇ ಘೋಷಿಸಿತು. ಆಮೇಲೆ ನಮ್ಮ ಸರ್ಕಾರ ಇದನ್ನು ಕಚೇರಿಯಾಗಿ, 1986ರಿಂದ ಮ್ಯೂಸಿಯಂ ಆಗಿ ಬಳಸಿತು. 1995ರ ಆಗಸ್ಟ್ 15ರಂದು ಅಧ್ಯಕ್ಷ ಕಿಮ್ ಯಂಗ್ ಸ್ಯಾಮ್ ಅವರ ಸರ್ಕಾರ ಇದನ್ನು ಒಡೆಯಲು ಶುರು ಮಾಡಿತು. ನೀವು ನೋಡುತ್ತಿರುವುದು ಅದರ ಶಿಖರ. ಇದನ್ನು ನೆಲದಿಂದ 5 ಮೀಟರ್ ಕೆಳಗೆ ಇಟ್ಟವರು ನಾವೇ."

ಎಣಿಸಿದೆ. ಅರವತ್ತಾರು ಪದ. ಆರು ಮಾರ್ಕು ಹೋಯಿತು. ಯಾವ ಆರು ಪದ ತೆಗೀಲಿ ಅಂತ ಇನ್ನೂ ನೋಡ್ತಾ ಇದೀನಿ.