ಕೈ ಮೇಲೆ ಇತ್ತಲ್ಲ, ದೊಡ್ಡಮ್ಮ

ಭಾನುವಾರ ತಂಗಿ ಮಗಳನ್ನು ಕರಕೊಂಡು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದಳು. ಹುಡುಗಿ ನಾಲ್ಕನೇ ಕ್ಲಾಸು. ನಾನು ಮಾಡಿದ ಭಿನ್ನರಾಶಿಯ ವೈಟ್‌ಬೋರ್ಡ್ ವಿಡಿಯೊ ಅವಳಿಗೆ ತೋರಿಸಿದೆ. ನನ್ನ ದನಿ ಹೇಳುತ್ತಾ ಹೋದಂತೆ ಪರದೆ ಮೇಲೆ ಒಂದು ಕೈ ಬರೆಯುತ್ತಾ ಹೋಗುತ್ತೆ. ಒಂದು ಜೋಳದ ರೊಟ್ಟಿ, ನಾಲ್ಕು ತುಂಡು, ಮೂರಕ್ಕೆ ಬಣ್ಣ, ಪಕ್ಕದಲ್ಲಿ ಅಂಕಿ. ಮುಗಿದ ಮೇಲೆ ಸ್ಲೇಟು ಕೊಟ್ಟು, "ಬಣ್ಣ ಹಚ್ಚಿದ್ದು ಎಷ್ಟು, ಬರಿ" ಅಂದೆ.

ಮೇಲೆ 4 ಬರೆದಳು. ಗೆರೆ ಎಳೆದಳು. ಕೆಳಗೆ 3.

"ಸರಿಯಾಗಿ ನೋಡಿದ್ಯಾ ಇಲ್ವಾ?" ಅಂತ ತಂಗಿ ಗದರಿದಳು. ಅವಳಿಗೆ ಸಿಟ್ಟು ಮೊದಲು, ಯೋಚನೆ ಆಮೇಲೆ. ಹುಡುಗಿ ಹೆದರಲಿಲ್ಲ. "ನೀನು ನಾಲ್ಕು ಅಂದಾಗ ಕೈ ಮೇಲೆ ಇತ್ತಲ್ಲ, ದೊಡ್ಡಮ್ಮ" ಅಂದಳು.

ವಿಡಿಯೊ ಹಿಂದಕ್ಕೆ ಎಳೆದು ನೋಡಿದೆ. ಅವಳು ಹೇಳಿದ್ದು ನಿಜ. ನನ್ನ ದನಿ "ನಾಲ್ಕರಲ್ಲಿ ಮೂರು" ಅನ್ನುತ್ತೆ. "ನಾಲ್ಕರಲ್ಲಿ" ಅನ್ನುವ ಹೊತ್ತಿಗೆ ಪರದೆಯ ಕೈ ಗೆರೆಯ ಮೇಲಿನ 3 ಬರೆಯುತ್ತಿದೆ. "ಮೂರು" ಅನ್ನುವಾಗ ಕೆಳಗೆ ಇಳಿದು 4 ಬರೆಯುತ್ತಿದೆ. ಪೂರ್ತಿ ಅಂಕಿ ನಿಂತದ್ದು ಒಂದೇ ಸೆಕೆಂಡು, ಆಮೇಲೆ ಬೇರೆ ದೃಶ್ಯ. ಮಗು ಕಿವಿಯನ್ನು ನಂಬಿತು, ಕೈ ಇದ್ದ ಜಾಗವನ್ನು ನಂಬಿತು. ಎರಡನ್ನೂ ಸೇರಿಸಿ ಬರೆಯಿತು. ಅದರಲ್ಲಿ ಅವಳ ತಪ್ಪೇನಿದೆ?

ಅವತ್ತು ರಾತ್ರಿಯೆಲ್ಲ ಆ ಮಾತೇ ಕಿವಿಯಲ್ಲಿತ್ತು. ಕೈ ಮೇಲೆ ಇತ್ತಲ್ಲ. ಇಂಗ್ಲಿಷಿನಲ್ಲಿ ತ್ರೀ ಫೋರ್ತ್ಸ್ ಅಂದರೆ ಮೂರು ಮೊದಲು, ನಾಲ್ಕು ಆಮೇಲೆ. ಮೇಲಿಂದ ಕೆಳಗೆ ಬರೆದರೆ ಬಾಯಿಗೂ ಕೈಗೂ ತಾಳ ಕೂಡುತ್ತೆ. ನಾವು ಹಾಗಲ್ಲ. ನಾಲ್ಕರಲ್ಲಿ ಮೂರು, ಐದರಲ್ಲಿ ಎರಡು. ಒಟ್ಟು ಎಷ್ಟು ಭಾಗ ಅಂತ ಮೊದಲು ಹೇಳಿ, ಅದರಲ್ಲಿ ಎಷ್ಟು ತಗೊಂಡೆವು ಅಂತ ಆಮೇಲೆ ಹೇಳುತ್ತೇವೆ. ಛೇದ ಮೊದಲು, ಅಂಶ ಆಮೇಲೆ. ರೊಟ್ಟಿ ಹಂಚುವಾಗಲೂ ಹಾಗೇ ಅಲ್ವಾ? ಮುರಿಯದೆ ತುಂಡು ಎತ್ತಿಕೊಳ್ಳೋಕೆ ಆಗಲ್ಲ. ನಮ್ಮ ಮಾತು ಸರಿಯಾಗೇ ಇತ್ತು. ನಾನು ಕೈಯನ್ನು ಬೇರೆ ಭಾಷೆಯ ತಾಳಕ್ಕೆ ಓಡಿಸಿದ್ದೆ.

ಇದನ್ನು ಪರಿಚಯದ ಟೀಚರ್ ಒಬ್ಬರಿಗೆ ಹೇಳಿದೆ. "ಆಮೇಲೆ ತಾನೇ ಸರಿಹೋಗುತ್ತೆ ಬಿಡಿ" ಅಂದರು. ಒಳ್ಳೆಯವರು, ಮಕ್ಕಳಿಗೆ ಅವರೆಂದರೆ ಪ್ರೀತಿ. ಆದರೆ ಈ ಮಾತು ನನಗೆ ಒಪ್ಪಿಗೆ ಇಲ್ಲ. ಕ್ಲಾಸಿನಲ್ಲಿ ಮಗುವಿನ ಮುಖ ನೋಡಿ ಇನ್ನೊಮ್ಮೆ ಹೇಳಬಹುದು. ವಿಡಿಯೊ ಯಾರ ಮುಖವನ್ನೂ ನೋಡಲ್ಲ.

ಸೋಮವಾರ ಸ್ಕ್ರಿಪ್ಟ್ ಮತ್ತೆ ಬರೆದೆ. ನನ್ನ ಪುಟದಲ್ಲಿ ಎಡಗಡೆ ಮಾತು, ಬಲಗಡೆ ಕೈಯ ಕೆಲಸ. "ಇದು ಒಂದು ರೊಟ್ಟಿ": ದುಂಡಗೆ ಒಂದು ಗೆರೆ. "ಸಮವಾಗಿ ನಾಲ್ಕು ಭಾಗ ಮಾಡೋಣ": ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಗೆರೆ. ಆಮೇಲೆ ಎರಡು ಸೆಕೆಂಡು ಮಾತೂ ಇಲ್ಲ, ಕೈಯೂ ಇಲ್ಲ. ಮಗು ಎಣಿಸಿಕೊಳ್ಳಲಿ. ಆಮೇಲೆ ಅಂಕಿಯ ಅಡ್ಡಗೆರೆ ಮಾತ್ರ. "ನಾಲ್ಕರಲ್ಲಿ" ಅನ್ನುವಾಗ ಗೆರೆಯ ಕೆಳಗೆ 4. ಈಗ ಒಂದು, ಎರಡು, ಮೂರು ಅಂತ ಒಂದೊಂದೇ ತುಂಡಿಗೆ ಬಣ್ಣ. ಕೊನೆಗೆ "ಮೂರು" ಅನ್ನುವಾಗ ಮೇಲೆ 3.

ಬಣ್ಣಕ್ಕಿಂತ 4 ಮೊದಲು ಬರಲೇಬೇಕು. ಬಣ್ಣ ಮೊದಲು ಬಂದರೆ ಎಷ್ಟೋ ಮಕ್ಕಳು ಬಣ್ಣ ಇರುವ ಮೂರು, ಬಣ್ಣ ಇಲ್ಲದ ಒಂದು ಅಂತ ಎಣಿಸಿ, 3ರ ಕೆಳಗೆ 1 ಬರೆಯುತ್ತಾರೆ. ಬಣ್ಣದ ಮೂರನ್ನು ಒಟ್ಟು ತುಂಡಿನ ಲೆಕ್ಕದಿಂದಲೇ ಬಿಟ್ಟುಬಿಡುತ್ತಾರೆ.

ಕೈಗೆ ಈ ಕ್ರಮ ಕಲಿಸೋದು ಸ್ವಲ್ಪ ಕೆಲಸ. ಪೂರ್ತಿ ಭಿನ್ನರಾಶಿಯನ್ನು ಒಂದೇ ಚಿತ್ರವಾಗಿ ಹಾಕಿದ್ದೇ ನನ್ನ ತಪ್ಪು. ಸಾಫ್ಟ್‌ವೇರ್ ಅದನ್ನು ತನ್ನ ಪಾಡಿಗೆ ಮೇಲಿಂದ ಬರೆಯಿತು. ಗೆರೆ, 4, 3 ಮೂರನ್ನೂ ಬೇರೆ ಬೇರೆ ಚಿತ್ರ ಮಾಡಿ, ಒಂದೊಂದಕ್ಕೂ ಸಮಯ ಕೊಟ್ಟೆ. ಮೊದಲು ದನಿ ರೆಕಾರ್ಡ್ ಮಾಡಿಕೊಂಡೆ, ಅದನ್ನು ಕೇಳುತ್ತಾ ಕೈಯನ್ನು ಕೂರಿಸಿದೆ. ಸರಿಯಾಯಿತಾ ಅಂತ ನೋಡೋಕೆ ಒಂದು ಸುಲಭ ದಾರಿ ಇದೆ. "ನಾಲ್ಕರಲ್ಲಿ" ಅಂದ ತಕ್ಷಣ ವಿಡಿಯೊ ನಿಲ್ಲಿಸಿ. ಪರದೆ ಮೇಲೆ 4 ಇರಬೇಕು, 3 ಇನ್ನೂ ಬಂದಿರಬಾರದು.

ನಿನ್ನೆ ಸಂಜೆ ತಂಗಿಯ ಫೋನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಹುಡುಗಿಯೇ ಫೋನ್ ಮಾಡಿದಳು. ಈ ಸಲ ಸರಿಯಾಗಿ ಬರೆದಿದ್ದಳು. ಆಮೇಲೆ ಕೇಳಿದಳು, "ಅಜ್ಜಿ ಇದಕ್ಕೆ ಮುಕ್ಕಾಲು ಅಂತಾರೆ. ಅದರಲ್ಲಿ ಮೂರು ಮೊದಲು ಬರುತ್ತಲ್ಲ, ದೊಡ್ಡಮ್ಮ?"

ಮೂರು ಕಾಲು, ಮುಕ್ಕಾಲು. ಹೌದಲ್ಲ! ಅಲ್ಲಿ ತುಂಡಿಗೆ ಆಗಲೇ ಕಾಲು ಅಂತ ಹೆಸರು ಇದೆ, ಅಂಥವು ಎಷ್ಟು ಅಂತ ಎಣಿಸೋದಷ್ಟೇ ಬಾಕಿ. ಹಾಗಾದರೆ ಅದಕ್ಕೆ ಇಡೀ ರೊಟ್ಟಿಯಿಂದ ಶುರು ಮಾಡಬಾರದು, ಒಂದು ಕಾಲು ತುಂಡಿನಿಂದ ಶುರು ಮಾಡಬೇಕು. ಹೊಸ ಪುಟ ತೆಗೆದು ಎಡಗಡೆ ಮಾತು ಬರೆದಿದ್ದೇನೆ. ಬಲಗಡೆ ಇನ್ನೂ ಖಾಲಿ.