ಒಂದು ಸಾಲಿನ ಪಿಚ್: ಈ ವಾರ ಏನೇನು ಕತ್ತರಿಸಿದೆವು

ನಮ್ಮ ಸ್ಟಾರ್ಟಪ್ ಏನು ಮಾಡುತ್ತದೆ ಅಂತ ಹೇಳುವ ಹಳೆಯ ಸಾಲು ಹೀಗಿತ್ತು: "ಅಪಾರ್ಟ್‌ಮೆಂಟ್‌ಗಳಿಗೆ ಎಐ ಆಧಾರಿತ, ಎಂಡ್-ಟು-ಎಂಡ್ ಸ್ಮಾರ್ಟ್ ವಾಟರ್ ಇಂಟೆಲಿಜೆನ್ಸ್ ಪ್ಲಾಟ್‌ಫಾರ್ಮ್." ಓದಿದವರೆಲ್ಲ ಚೆನ್ನಾಗಿದೆ ಅಂತಾರೆ. ಆಮೇಲೆ "ಅಂದ್ರೆ ಆ್ಯಪಾ?" ಅಂತ ಕೇಳ್ತಾರೆ.

ನಮ್ಮ ಪೆಟ್ಟಿಗೆ ಮಾಡುವ ಕೆಲಸ ಇಷ್ಟೇ. ಸಂಪಿನ ಮುಚ್ಚಳದ ಕೆಳಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಇರುತ್ತದೆ. ಟ್ಯಾಂಕರ್ ಸುರಿಯುವ ಮೊದಲು ನೀರು ಎಷ್ಟು ಎತ್ತರ ಇತ್ತು, ಸುರಿದ ಮೇಲೆ ಎಷ್ಟಾಯಿತು ಅಂತ ನೋಡುತ್ತದೆ. ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ ಇದ್ದರೆ ನೀರು 1 ಸೆಂ.ಮೀ. ಏರಿದರೆ 120 ಲೀಟರ್. 6,000 ಲೀಟರಿನ ಲೋಡ್ ಅಂದರೆ 50 ಸೆಂ.ಮೀ. ಏರಬೇಕು. 42 ಮಾತ್ರ ಏರಿದರೆ ಬಂದಿರೋದು 5,040 ಲೀಟರ್.

ಇದರಲ್ಲಿ ಎಐ ಎಲ್ಲಿದೆ? ಒಂದು ಕಳೆಯುವ ಲೆಕ್ಕ, ಒಂದು ಗುಣಾಕಾರ. ಆ ಪದ ಮೊದಲು ಹೋಯಿತು. "ಎಂಡ್-ಟು-ಎಂಡ್" ಕೂಡ ಹೋಯಿತು, ಪೈಪು, ಮೋಟರ್, ಬಿಲ್ ಯಾವುದನ್ನೂ ನಾವು ಮುಟ್ಟುವುದಿಲ್ಲವಲ್ಲ. "ಸ್ಮಾರ್ಟ್" ಸುಮ್ನೆ ಕೂತಿತ್ತು. "ಪ್ಲಾಟ್‌ಫಾರ್ಮ್" ಬಿಡಲು ಗೆಳೆಯನಿಗೆ ಮನಸ್ಸಿರಲಿಲ್ಲ, ಹೂಡಿಕೆದಾರರಿಗೆ ಚಿಕ್ಕದಾಗಿ ಕಾಣುತ್ತೇವೆ ಅಂತ. ಸ್ಟಾರ್ಟಪ್‌ಗಳಿಗೆ ಶುರುವಿನಲ್ಲೇ ಹಣ ಹಾಕುವ ವೈ ಕಾಂಬಿನೇಟರ್‌ಗೆ ಡ್ರಾಪ್‌ಬಾಕ್ಸ್ 2007ರಲ್ಲಿ ಹಾಕಿದ ಅರ್ಜಿ ತೋರಿಸಿದೆ. ಕಂಪನಿ ಏನು ತಯಾರಿಸಲಿದೆ ಅನ್ನುವ ಕಡೆ ಮೊದಲ ಸಾಲಿನಲ್ಲಿ, ನಿಮ್ಮ ಮತ್ತು ನಿಮ್ಮ ತಂಡದ ಕಂಪ್ಯೂಟರ್‌ಗಳ ನಡುವೆ ಫೈಲ್‌ಗಳನ್ನು ಸಿಂಕ್ ಮಾಡುತ್ತದೆ ಅಂತಷ್ಟೇ ಇದೆ. ಒಪ್ಪಿಕೊಂಡ, ಅರೆಮನಸ್ಸಿನಿಂದ.

ಇಷ್ಟೆಲ್ಲ ತೆಗೆದ ಮೇಲೆ ಕೈಯಲ್ಲಿ ಉಳಿದದ್ದು "ಅಪಾರ್ಟ್‌ಮೆಂಟ್‌ಗಳಿಗೆ ನೀರು". ಆಗ ಕ್ರಿಯಾಪದ ಹುಡುಕಿದೆವು. "ನಿರ್ವಹಿಸುತ್ತದೆ" ಅಂತ ಹಾಕಿದರೆ ಮತ್ತೆ ಹಳೇ ಕಥೆ. "ಅಳೆಯುತ್ತದೆ" ನಿಜ, ಆದರೆ ಯಾವ ನೀರು, ಯಾರಿಗೋಸ್ಕರ? ಹಾಗೆ ಕೇಳುತ್ತಾ ಬಂದು ನಿಂತದ್ದು ಇಲ್ಲಿ:

"ಟ್ಯಾಂಕರ್ ನಿಮ್ಮ ಸಂಪಿಗೆ ಎಷ್ಟು ಲೀಟರ್ ಸುರಿಯಿತು ಅಂತ ಅಳೆದು, ದುಡ್ಡು ಕೊಡುವ ಮೊದಲೇ ಸೆಕ್ರೆಟರಿಗೆ ವಾಟ್ಸಾಪ್ ಮಾಡುತ್ತದೆ."

ಇದನ್ನು ಒಬ್ಬ ಅಸೋಸಿಯೇಷನ್ ಸೆಕ್ರೆಟರಿಗೆ ಓದಿ ಹೇಳಿದೆ. "ಸರಿ ಸಾರ್, ಟ್ಯಾಂಕರ್ ಸುರಿಯುವಾಗಲೇ ಮೋಟರ್ ಆನ್ ಇದ್ರೆ?" ಅಂದರು. ಸಾಲು ಅರ್ಥವಾಗಿದೆ ಅನ್ನಲು ಇದಕ್ಕಿಂತ ಪುರಾವೆ ಬೇಕಾ? "ಇಂಟೆಲಿಜೆನ್ಸ್" ಇದ್ದಾಗ ಯಾರೂ ಮೋಟರ್ ಬಗ್ಗೆ ಕೇಳಿರಲಿಲ್ಲ.

ಪ್ರಶ್ನೆಯೂ ಸರಿಯಾದದ್ದೇ. ಕೆಳಗೆ ತುಂಬುತ್ತಿರುವಾಗ ಮೋಟರ್ ನೀರನ್ನು ಮೇಲಿನ ಟ್ಯಾಂಕಿಗೆ ಎಳೆದರೆ ಸಂಪು ಕಡಿಮೆ ಏರುತ್ತದೆ, ಪಾಪ ಟ್ಯಾಂಕರಿನವನ ಮೇಲೆ ಅನುಮಾನ ಬರುತ್ತದೆ. ಅದೇ ಹೊತ್ತಿಗೆ ಕಾವೇರಿ ನೀರು ಬಂದರೆ ಇದರ ಉಲ್ಟಾ, ಲೆಕ್ಕ ಜಾಸ್ತಿ ತೋರಿಸುತ್ತದೆ. ಮೋಟರಿನ ವೈರಿಗೆ ಕರೆಂಟ್ ಸೆನ್ಸರ್ ಹಾಕಿ, ಅದು ಓಡಿದ ಹೊತ್ತಿನ ಲೋಡ್‌ಗೆ "ಅಳತೆ ಖಚಿತವಿಲ್ಲ" ಅಂತ ಕಳಿಸುವ ಕೆಲಸ ಈಗ ನಡೆಯುತ್ತಿದೆ. ಕಾವೇರಿ ವಾಲ್ವ್‌ಗೆ ಇನ್ನೂ ದಾರಿ ಸಿಕ್ಕಿಲ್ಲ. ಸದ್ಯಕ್ಕೆ ವಾಚ್‌ಮನ್ ಅದನ್ನು ಮುಚ್ಚಬೇಕು. ಹಾಗಾಗಿ ಗೆಳೆಯ ಸೇರಿಸಬೇಕೆಂದಿದ್ದ "ನಿಖರವಾಗಿ" ಅನ್ನುವ ಪದವನ್ನು ಸಾಲಿಗೆ ಬಿಟ್ಟುಕೊಂಡಿಲ್ಲ.