ಬಯೋದಲ್ಲಿ ನಮ್ಮನ್ನು ನಾವೇ ‘ಅವರು’ ಎಂದುಕೊಳ್ಳುವ ಬಗ್ಗೆ

“ಮೇಡಂ, ಬರೆಯೋನೂ ನಾನೇ, ಬರೆಸಿಕೊಳ್ಳೋನೂ ನಾನೇ. ಹಾಗಿರುವಾಗ ಬಯೋದಲ್ಲಿ ‘ಅವರು ಖ್ಯಾತ ತರಬೇತುದಾರರು’ ಅಂತ ಹಾಕಿಕೊಳ್ಳೋಕೆ ಮುಜುಗರ ಆಗಲ್ವಾ? ಮತ್ತೇನು ಬರೀಬೇಕು?”

ಮುಜುಗರ ತರುವ ಮಾತನ್ನು ಬಿಟ್ಟು ಉಳಿದದ್ದನ್ನು ಬರೆಯಿರಿ ಎನ್ನುತ್ತೇನೆ. ಭಾಷಣಕಾರರ ಪರಿಚಯದಲ್ಲಿ ‘ನಾನು’ ಎಂಬುದು ಬರದಿರುವುದಕ್ಕೆ ಕಾರಣ ಬಹಳ ಸರಳವಾದದ್ದು: ಆಯೋಜಕರು ಅದನ್ನು ಒಂದಕ್ಷರವೂ ತಿದ್ದದೆ ತಮ್ಮ ವೆಬಿನಾರ್ ಪುಟಕ್ಕೆ ಹಾಕುತ್ತಾರೆ, ಇಲ್ಲವೇ ನಿರೂಪಕರ ಕೈಗೆ ಕೊಟ್ಟು ವೇದಿಕೆಯ ಮೇಲೆ ಓದಿಸುತ್ತಾರೆ. ನೀವು ಬರೆಯುತ್ತಿರುವುದು ಇನ್ನೊಬ್ಬರು ಆಡಬೇಕಾದ ಮಾತು. ನಿಮ್ಮನ್ನು ಆ ದಿನವೇ ಮೊದಲ ಬಾರಿಗೆ ನೋಡುವ ನಿರೂಪಕಿ ನಾಲಿಗೆ ತಡವರಿಸದೆ ಹೇಳಬಹುದಾದದ್ದು, ಸಭೆಯಲ್ಲಿ ಯಾರಾದರೂ ‘ಹೌದೇ?’ ಎಂದರೆ ಆಯೋಜಕರು ತೋರಿಸಬಹುದಾದದ್ದು ಮಾತ್ರ ಅದರಲ್ಲಿರಬೇಕು.

ಒಂದು ಉದಾಹರಣೆಯನ್ನೇ ಬಿಡಿಸಿ ನೋಡೋಣ. ಬೆಂಗಳೂರಿನ ಒಬ್ಬ ತರಬೇತುದಾರರು ತಿದ್ದಿಕೊಡಿ ಎಂದು ನನಗೆ ಕಳುಹಿಸಿದ್ದ ಪರಿಚಯ ಹೀಗೆ ಶುರುವಾಗಿತ್ತು: “ಅಂತರರಾಷ್ಟ್ರೀಯ ಖ್ಯಾತಿಯ ಪ್ರೇರಕ ಭಾಷಣಕಾರರೂ, ಲೈಫ್ ಕೋಚ್, ಮೈಂಡ್ ಟ್ರೇನರ್ ಹಾಗೂ ಮನಃಶಾಸ್ತ್ರಜ್ಞರೂ ಆದ ಡಾ. ——— ಅವರು 8+ ವರ್ಷಗಳ ಅನುಭವದೊಂದಿಗೆ 1 ಲಕ್ಷಕ್ಕೂ ಅಧಿಕ ಜನರ ಬದುಕನ್ನು ಪರಿವರ್ತಿಸಿದ್ದಾರೆ.” ಹೆಸರಿನ ಜಾಗದಲ್ಲಿ ನಾನು ಗೆರೆ ಎಳೆದಿದ್ದೇನೆ. ಮನುಷ್ಯ ಪ್ರಾಮಾಣಿಕರು, ಎಲ್ಲರೂ ಹೀಗೇ ಬರೆಯುತ್ತಾರೆಂದು ತಾವೂ ಬರೆದಿದ್ದರು, ಅಷ್ಟೆ.

ಮೊದಲು ‘ಒಂದು ಲಕ್ಷ’ವನ್ನು ಎತ್ತಿಕೊಂಡೆವು. ಒಂದು ತರಬೇತಿಗೆ ಎಷ್ಟು ಜನ ಕೂರುತ್ತಾರೆ ಎಂದು ಕೇಳಿದೆ, ನಲವತ್ತು ಎಂದರು. ವಾರಕ್ಕೆಷ್ಟು ತರಬೇತಿ ಎಂದಾಗ, ಬಿಡುವಿಲ್ಲದ ವಾರದಲ್ಲಿ ಎರಡು ಎಂದರು. ವರ್ಷವಿಡೀ ಬಿಡುವಿಲ್ಲದಿದ್ದರೂ ನೂರು ತರಬೇತಿ, ನಾಲ್ಕು ಸಾವಿರ ಜನ. ಎಂಟು ವರ್ಷಕ್ಕೆ 32,000. ಇದೇ ಲೆಕ್ಕವನ್ನು ಯಾವುದೇ ಕಂಪನಿಯ ಎಚ್‌ಆರ್ ವಿಭಾಗದವರು ಮನಸ್ಸಿನಲ್ಲೇ ಹಾಕಬಲ್ಲರು. ಹಾಕಿದ ಮೇಲೆ ಉಳಿದ ಸಾಲುಗಳನ್ನೂ ಅವರು ಅನುಮಾನದಿಂದಲೇ ಓದುತ್ತಾರೆ. ಡೈರಿ ತೆಗೆದು ಎಣಿಸಿ ಎಂದು ಕಳುಹಿಸಿದೆ. ಒಂದು ವಾರ ಬಿಟ್ಟು 312 ತರಬೇತಿ, ಸುಮಾರು 11,000 ಜನ ಎಂಬ ಉತ್ತರ ಸಣ್ಣ ದನಿಯಲ್ಲಿ ಬಂತು. ನನಗೇನೋ 312 ಎಂಬ ಸಂಖ್ಯೆಯೇ ಇಷ್ಟವಾಯಿತು, ಏಕೆಂದರೆ ಎಣಿಸದವರು ಯಾರೂ ಆ ಸಂಖ್ಯೆಯನ್ನು ಬರೆಯಲಾರರು.

ಬಿರುದುಗಳ ವಿಷಯದಲ್ಲಿ ಮುಜುಗರವಷ್ಟೇ ಅಲ್ಲ, ಕಾನೂನಿನ ಸಂಗತಿಯೂ ಇದೆ. ಅವರ ‘ಡಾ.’ ಒಂದು ಸಂಸ್ಥೆ ಸಮಾರಂಭದಲ್ಲಿ ಶಾಲು ಹೊದಿಸಿ ಕೊಟ್ಟ ಗೌರವ ಡಾಕ್ಟರೇಟ್ ಆಗಿತ್ತು. ನಮ್ಮಲ್ಲಿ ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ: ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳು, ಡೀಮ್ಡ್ ವಿಶ್ವವಿದ್ಯಾಲಯಗಳು ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳು ಮಾತ್ರ. ಈ ಸಂಸ್ಥೆ ಯಾವುದರಲ್ಲೂ ಸೇರಿರಲಿಲ್ಲ. ‘ಮನಃಶಾಸ್ತ್ರಜ್ಞ’ ಎಂಬುದರ ಹಿಂದೆ ಇದ್ದದ್ದು ಎನ್‌ಎಲ್‌ಪಿ, ಅಂದರೆ ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ ಎಂಬ ವಾರಾಂತ್ಯದ ಕೋರ್ಸೊಂದರ ಪ್ರಮಾಣಪತ್ರ. ಅಂಥ ಕೋರ್ಸ್ ಮಾಡಿದ್ದನ್ನು ಕೋರ್ಸ್ ಎಂದೇ ಬರೆಯಲು ಅಡ್ಡಿಯಿಲ್ಲ. ಆದರೆ ಖಿನ್ನತೆಯಿಂದ ಬಳಲುವ ಒಬ್ಬರು ಆ ಒಂದು ಪದ ನಂಬಿ ವೆಬಿನಾರ್‌ಗೆ ಬಂದು ಕೂತರೆ ಏನು ಗತಿ ಎಂದು ಕೇಳಿದಾಗ, ಅವರೇ ಅದನ್ನು ಹೊಡೆದುಹಾಕಿದರು. ‘ಅಂತರರಾಷ್ಟ್ರೀಯ’ ಎಂಬುದು ಹೊರದೇಶದ ಕನ್ನಡ ಸಂಘವೊಂದಕ್ಕೆ ಆನ್‌ಲೈನ್‌ನಲ್ಲಿ ಮಾಡಿದ ಒಂದು ಗಂಟೆಯ ಭಾಷಣ, ಅದೂ ಹೋಯಿತು.

ಇಷ್ಟೆಲ್ಲ ತೆಗೆದರೆ ಉಳಿಯುವುದೇನು ಎಂದು ಅವರಿಗೆ ದಿಗಿಲಾಯಿತು. ಆಗ ಮಾತಿನ ನಡುವೆ ಹೊರಬಿದ್ದದ್ದು, ತರಬೇತಿಗೆ ಇಳಿಯುವ ಮುಂಚೆ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಅವರು ಹನ್ನೆರಡು ವರ್ಷ ದುಡಿದ ಸಂಗತಿ. ಸೇರಿದ್ದು ಹೆಲ್ಪರ್ ಆಗಿ, ಬಿಟ್ಟದ್ದು ಶಿಫ್ಟ್ ಸೂಪರ್‌ವೈಸರ್ ಆಗಿ. ಅವರ ತರಬೇತಿಗಳಲ್ಲಿ ಹೆಚ್ಚಿನವು ನಡೆಯುವುದೂ ಸೂಪರ್‌ವೈಸರ್‌ಗಳಿಗೇ: ತಪ್ಪು ಮಾಡಿದ ಕೆಲಸಗಾರನಿಗೆ ಎಲ್ಲರೆದುರು ಕಿರುಚದೆ ಹೇಳುವುದು ಹೇಗೆ, ಶಿಫ್ಟ್ ಬದಲಾಗುವ ಹತ್ತು ನಿಮಿಷದಲ್ಲಿ ಯಾವ ಮಾತೂ ಬಿಟ್ಟುಹೋಗದಂತೆ ಕೆಲಸ ಒಪ್ಪಿಸುವುದು ಹೇಗೆ ಎಂಬಂಥ ವಿಷಯಗಳು. ಅವರು ಕಳುಹಿಸಿದ ಇಡೀ ಪುಟದಲ್ಲಿ ಪೀಣ್ಯ ಎಂಬ ಪದವೇ ಇರಲಿಲ್ಲ! ಹೆಲ್ಪರ್ ಆಗಿದ್ದೆ ಎಂದರೆ ಕಡಿಮೆಯಾದೀತು ಎಂದುಕೊಂಡಿದ್ದರಂತೆ. ಕಾರ್ಖಾನೆಯವರು ನೂರು ಪ್ರೇರಕ ಭಾಷಣಕಾರರ ನಡುವೆ ಇವರನ್ನೇ ಕರೆಯಲು ಇರುವ ಕಾರಣವೇ ಅದು.

ಕೊನೆಗೆ ವೆಬಿನಾರ್ ಪುಟಕ್ಕೆ ಕೊಟ್ಟದ್ದು ಇಷ್ಟು:

“ಬೆಂಗಳೂರಿನ ——— ಅವರು ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆ ಮತ್ತು ತಂಡದ ಮುಖ್ಯಸ್ಥರಿಗೆ 2017ರಿಂದ ತರಬೇತಿ ನೀಡುತ್ತಿದ್ದಾರೆ. ಅದಕ್ಕೂ ಮೊದಲು ಪೀಣ್ಯದ ಮೆಷಿನ್ ಶಾಪ್ ಒಂದರಲ್ಲಿ ಹೆಲ್ಪರ್ ಆಗಿ ಸೇರಿ, ಹನ್ನೆರಡು ವರ್ಷ ದುಡಿದು ಶಿಫ್ಟ್ ಸೂಪರ್‌ವೈಸರ್ ಆದರು. ಈವರೆಗೆ 312 ತರಬೇತಿಗಳನ್ನು ಕನ್ನಡದಲ್ಲಿ ನಡೆಸಿದ್ದಾರೆ. ಕಿರುಚದೆ ಕೆಲಸ ಮಾಡಿಸುವುದು ಹೇಗೆ ಎಂಬುದು ಅವರ ಮುಖ್ಯ ವಿಷಯ.”

‘8+ ವರ್ಷ’ ಹೋಗಿ ‘2017ರಿಂದ’ ಬಂದದ್ದನ್ನು ಗಮನಿಸಿ. ಎಂಟು ವರ್ಷ ಎಂಬುದು ಮುಂದಿನ ವರ್ಷ ಸುಳ್ಳಾಗುತ್ತದೆ, ಆಯೋಜಕರ ಕಂಪ್ಯೂಟರಿನಲ್ಲಿ ಕೂತ ಹಳೆಯ ಕಡತವನ್ನು ಯಾರೂ ತಿದ್ದುವುದಿಲ್ಲ. ಇಸವಿ ಹಾಗೇ ನಿಲ್ಲುತ್ತದೆ. ಆ ಕೂಡುಚಿಹ್ನೆಯಂತೂ ನಿರೂಪಕರ ಪಾಲಿನ ಶತ್ರು. ‘ಎಂಟು ಪ್ಲಸ್ ವರ್ಷಗಳ’ ಎಂದು ಒಬ್ಬ ಹುಡುಗಿ ಮೈಕಿನಲ್ಲಿ ಓದಿ, ತಾನೇ ಗಾಬರಿಯಾಗಿ, ಸಾಲನ್ನು ಮತ್ತೆ ಮೊದಲಿನಿಂದ ಓದಿದ್ದನ್ನು ಜಯನಗರದ ಒಂದು ಸಭಾಂಗಣದಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಪರಿಚಯ ಬರೆದಿದ್ದವಳು ನಾನೇ.

ಇನ್ನು ‘ಅವರು’ ಎಂಬ ಪದ. ಇಂಗ್ಲಿಷಿನಿಂದ ಅನುವಾದಿಸಿದ ಬಯೋಗಳಲ್ಲಿ ಪ್ರತಿ ವಾಕ್ಯವೂ ಅದರಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ‘ನಡೆಸಿದ್ದಾರೆ’ ಎಂಬ ಕ್ರಿಯಾಪದವೇ ಗೌರವವನ್ನು ಹೊತ್ತಿರುವುದರಿಂದ, ಹೆಸರಿನ ಜೊತೆ ಒಮ್ಮೆ ಬಂದರೆ ಹೆಚ್ಚುಕಡಿಮೆ ಸಾಕು. ಇದೇ ಬಹುವಚನದಿಂದ ಒಂದು ತೊಡಕೂ ಇದೆ: ಕಿರಣ್ ಎಂಬ ಹೆಸರಿನವರು ಗಂಡೋ ಹೆಣ್ಣೋ ಎಂಬುದು ‘ಅವರು’ ಎಂಬುದರಿಂದ ತಿಳಿಯುವುದಿಲ್ಲ. ಶ್ರೀ ಅಥವಾ ಶ್ರೀಮತಿ ಎಂದು ಆಯೋಜಕರು ಊಹಿಸಿ ಸೇರಿಸುವ ಬದಲು ನೀವೇ ತಿಳಿಸಿಬಿಡಿ.

ವೇದಿಕೆಯ ಮೇಲೆ ಓದುವುದಕ್ಕೆ ಬೇರೆಯದೇ ಪ್ರತಿ ಬೇಕು, ಗಟ್ಟಿಯಾಗಿ ಓದಿದರೆ ಒಂದು ನಿಮಿಷದೊಳಗೆ ಮುಗಿಯುವಂಥದ್ದು. ಅಲ್ಲಿ ಭಾಷಣಕಾರರು ಎದುರಿಗೇ ಕೂತಿರುತ್ತಾರಾದ್ದರಿಂದ ‘ಅವರು’ ಹೋಗಿ ‘ಇವರು’ ಬರುತ್ತದೆ, ಮತ್ತು ಪುಟದಲ್ಲಿ ಮೊದಲಿಗಿದ್ದ ಹೆಸರು ಕೊನೆಗೆ ಸರಿಯುತ್ತದೆ. ಸಭೆ ಚಪ್ಪಾಳೆ ತಟ್ಟುವುದು ಹೆಸರು ಕೇಳಿದ ಮೇಲೆ. ಅದು ಮೊದಲ ಸಾಲಿನಲ್ಲೇ ಬಂದುಬಿಟ್ಟರೆ ಚಪ್ಪಾಳೆಯೂ ಅಲ್ಲೇ ಮುಗಿದು, ಭಾಷಣಕಾರರು ಮೈಕಿನತ್ತ ನಡೆಯುವಾಗ ಅವರ ಚಪ್ಪಲಿಯ ಸದ್ದೊಂದೇ ಕೇಳಿಸುತ್ತದೆ.